ನಿಮಗಿದು ಗೊತ್ತೇ? ಪಾಲು ಹಾಲಾಯಿತು, ಹಾಲು ಆಲಾಗುತ್ತಿದೆ

ಹಲ್ಮಿಡಿಯ ಹೆಸರು ಹಲ್ಮಿಡಿ ಶಾಸನದಲ್ಲೇ ಬೇರೆ!
ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದ್ದೆಂದು ಹೇಳುವ ಶಾಸನ ನಮಗೆಲ್ಲ ಪರಿಚಿತ. ಅದರಲ್ಲಿ ದಾನವಾಗಿ ಕೊಟ್ಟ ಊರಿನ ಹೆಸರು ‘ಪಲ್ಮಡಿ’. ಊರು ಅದೇ, ಹೆಸರೂ ಅದೇ. ನಡುವೆ ಕನ್ನಡದ ಬಾಯಲ್ಲಿ ಪದದ ಮೊದಲಿನ ‘ಪ’ ಸವೆದು ‘ಹ’ ಆಗಿದೆ.

ರಾಜವಂಶವೂ ರಾಜಧಾನಿಯೂ ಈ ಬದಲಾವಣೆಯಿಂದ ತಪ್ಪಿಸಿಕೊಳ್ಳಲಿಲ್ಲ.
ಹೊಯ್ಸಳರ ಶಾಸನಗಳಲ್ಲಿ ‘ಪೊಯ್ಸಳ’ ಎಂಬ ರೂಪವೂ ಉಂಟು, ‘ಹೊಯ್ಸಳ’ ಎಂಬುದೂ ಉಂಟು. ಪಂಪಾಕ್ಷೇತ್ರದ ‘ಪಂಪಾ’ ಜನರ ಬಾಯಲ್ಲಿ ‘ಹಂಪೆ’ ಆಯಿತು. ಮೊದಲಿನ ‘ಪ’ ಹೋಯಿತು, ಒಳಗಿನ ‘ಪ’ ಉಳಿಯಿತು ಎಂಬುದನ್ನು ಗಮನಿಸಿ. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಪೊಸತು ಹೊಸತಾಯಿತು. ಪಕ್ಕದ ತಮಿಳಿನಲ್ಲಿ, ತೆಲುಗಿನಲ್ಲಿ, ತುಳುವಿನಲ್ಲಿ ಹಳೆಯ ‘ಪ’ ಇಂದಿಗೂ ಗಟ್ಟಿಯಾಗಿದೆ. ತಮಿಳರ ಹತ್ತು ‘ಪತ್ತು’, ತುಳುವರ ಹುಲಿ ‘ಪಿಲಿ’, ತೆಲುಗರ ಹಾಲು ‘ಪಾಲು’.

ಹತ್ತರಿಂದ ಎಂಬತ್ತರವರೆಗೆ ಎಣಿಸಿದರೆ ಒಂದೇ ‘ಪತ್ತು’ ನಾಲ್ಕು ವೇಷದಲ್ಲಿ ಸಿಗುತ್ತದೆ.
ಹತ್ತು, ಇಪ್ಪತ್ತು, ಮೂವತ್ತು, ಎಂಬತ್ತು. ನಾಲ್ಕರಲ್ಲೂ ಇರುವುದು ಹಳೆಯ ‘ಪತ್ತು’ ಪದವೇ. ಪದದ ಮೊದಲಲ್ಲಿ ನಿಂತಾಗ ಅದು ‘ಹ’ ಆಗಿದೆ. ‘ಇರ್’ ಜೊತೆ ಸೇರಿ ಒತ್ತಕ್ಷರವಾದ ಕಡೆ ‘ಪ್ಪ’ ಆಗಿ ಗಟ್ಟಿಯಾಗಿ ಕೂತಿದೆ. ‘ಮೂ’ ಎಂಬ ಸ್ವರದ ಮುಂದೆ ಸಡಿಲಾಗಿ ‘ವ’ ಆಗಿದೆ. ‘ಎಣ್’ ಎಂಬ ಅನುನಾಸಿಕದ ಜೊತೆ ಸಂಧಿಯಾದಾಗ ‘ಬ’ ಆಗಿದೆ. ಇದರಲ್ಲಿ ಯಾವುದೂ ಮನಸ್ಸಿಗೆ ಬಂದಂತೆ ಆದದ್ದಲ್ಲ. ಅಕ್ಷರ ಎಲ್ಲಿ ಕೂತಿದೆ, ಅಕ್ಕಪಕ್ಕದಲ್ಲಿ ಏನಿದೆ ಎಂಬುದನ್ನು ನೋಡಿಯೇ ಫಲಿತಾಂಶ ಹೇಳಬಹುದು. ಭಾಷಾವಿಜ್ಞಾನಿಗಳು ‘ಧ್ವನಿನಿಯಮ’ ಎನ್ನುವುದು ಇದನ್ನೇ.

ಜಪಾನಿನ ಹೆಸರಿನಲ್ಲೂ ನಮ್ಮ ಇಪ್ಪತ್ತಿನ ಗುಟ್ಟು ಅಡಗಿದೆ.
ಜಪಾನೀಯರು ತಮ್ಮ ದೇಶವನ್ನು ‘ನಿಪ್ಪೊನ್’ ಎಂದೂ ‘ನಿಹೊನ್’ ಎಂದೂ ಕರೆಯುತ್ತಾರೆ. ಅವರ ಭಾಷೆಯಲ್ಲೂ ಹಿಂದಿನ ‘ಪ’ ಪದದ ಮೊದಲಲ್ಲಿ ‘ಹ’ ಆಯಿತು, ಒತ್ತಿನಲ್ಲಿ ‘ಪ್ಪ’ ಆಗಿಯೇ ಉಳಿಯಿತು, ಎರಡು ಸ್ವರಗಳ ನಡುವೆ ‘ವ’ ಆಯಿತು. ಹೊಳೆಗೆ ಹಿಂದೆ ‘ಕಪ’ ಎನ್ನುತ್ತಿದ್ದವರು ಈಗ ‘ಕವ’ ಎನ್ನುತ್ತಾರೆ. ಕನ್ನಡಕ್ಕೂ ಜಪಾನಿಗೂ ಈ ವಿಷಯದಲ್ಲಿ ಕೊಡುಕೊಳ್ಳುವಿಕೆ ನಡೆದಿಲ್ಲ. ತುಟಿಗಳನ್ನು ಪೂರ್ತಿ ಮುಚ್ಚುವ ಶ್ರಮ ಕಡಿಮೆಯಾದರೆ ಮೊದಲು ಗಾಳಿ ತುಟಿಯ ನಡುವೆ ನುಸುಳುತ್ತದೆ, ಆಮೇಲೆ ಬರೀ ಉಸಿರು ಉಳಿಯುತ್ತದೆ. ಒತ್ತಕ್ಷರದಲ್ಲಿ ತುಟಿ ಹೆಚ್ಚು ಹೊತ್ತು ಮುಚ್ಚಿರುವುದರಿಂದ ಸವೆತಕ್ಕೆ ಅವಕಾಶ ಸಿಗುವುದಿಲ್ಲ. ನಿಯಮದ ಹಿಂದೆ ಬಾಯಿಯ ರಚನೆ ಇದೆ.

‘ಧ್ವನಿನಿಯಮಕ್ಕೆ ಅಪವಾದವೇ ಇಲ್ಲ’ ಎಂದು ಸಾರಿದವರು ಜರ್ಮನಿಯ ತರುಣ ವಿದ್ವಾಂಸರು.
1878ರಲ್ಲಿ ಹರ್ಮನ್ ಒಸ್ತೊಫ್ ಮತ್ತು ಕಾರ್ಲ್ ಬ್ರುಗ್ಮನ್ ತಮ್ಮ ಪುಸ್ತಕದ ಮುನ್ನುಡಿಯಲ್ಲಿ ಈ ಮಾತನ್ನು ಘೋಷಿಸಿದರು. ಲೈಪ್‌ಜಿಗ್ ವಿಶ್ವವಿದ್ಯಾಲಯದ ಸುತ್ತ ಬೆಳೆದ ಈ ಗುಂಪಿಗೆ ನವವೈಯಾಕರಣರು ಎಂದು ಹೆಸರು. ಒಂದು ಭಾಷೆಯಲ್ಲಿ ಒಂದು ಧ್ವನಿ ಬದಲಾದರೆ, ಅದೇ ಸನ್ನಿವೇಶದಲ್ಲಿರುವ ಎಲ್ಲ ಪದಗಳಲ್ಲೂ ಒಟ್ಟಿಗೆ ಬದಲಾಗುತ್ತದೆ ಎಂಬುದು ಅವರ ವಾದ. ಪದದ ಅರ್ಥವೇನು, ಅದನ್ನು ಎಷ್ಟು ಸಲ ಆಡುತ್ತೇವೆ ಎಂಬುದನ್ನು ಧ್ವನಿ ಕೇಳುವುದಿಲ್ಲ. ಅಪವಾದ ಕಂಡರೆ ಅಲ್ಲಿ ಇನ್ನೊಂದು ನಿಯಮವಿದೆ, ಇಲ್ಲವೇ ಆ ಪದ ಎರವಲು, ಇಲ್ಲವೇ ಬೇರೆ ರೂಪಗಳ ಸೆಳೆತಕ್ಕೆ ಸಿಕ್ಕಿದೆ ಎಂದರು.

ಅವರಿಗೆ ಆ ಧೈರ್ಯ ಕೊಟ್ಟದ್ದು ವೇದದ ಸ್ವರ.
ಸಂಸ್ಕೃತದ ಪಿತೃ, ಭ್ರಾತೃ ಎರಡರಲ್ಲೂ ಒಂದೇ ‘ತ’ಕಾರವಿದೆ. ಜರ್ಮನ್ ಭಾಷೆಯಲ್ಲಿ ಮಾತ್ರ ಅಪ್ಪ ‘ಫಾಟರ್’, ಅಣ್ಣ ‘ಬ್ರೂಡರ್’. ಒಂದರಲ್ಲಿ ಟ, ಇನ್ನೊಂದರಲ್ಲಿ ಡ. ಇಂಥ ಪದಗಳು ಬಹುಕಾಲ ನಿಯಮಕ್ಕೆ ಒಗ್ಗದ ಅಪವಾದಗಳಾಗಿ ಕಾಣುತ್ತಿದ್ದವು. ಡೆನ್ಮಾರ್ಕಿನ ಕಾರ್ಲ್ ವರ್ನರ್ 1870ರ ದಶಕದಲ್ಲಿ ವೇದದ ಉಚ್ಚಾರಣೆಯನ್ನು ನೋಡಿ ಒಗಟು ಬಿಡಿಸಿದ. ವೇದದಲ್ಲಿ ‘ಪಿತಾ’ ಪದದ ಉದಾತ್ತ ಸ್ವರ ‘ತ’ಕಾರದ ನಂತರ ಬೀಳುತ್ತದೆ, ‘ಭ್ರಾತಾ’ ಪದದಲ್ಲಿ ಮುಂಚೆಯೇ ಬೀಳುತ್ತದೆ. ಜರ್ಮನಿಕ್ ಭಾಷೆಗಳಲ್ಲಿ ಎರಡು ಪದಗಳು ಬೇರೆ ದಾರಿ ಹಿಡಿದದ್ದು ಆ ಸ್ವರಸ್ಥಾನದಿಂದ. ಸ್ವರ ಆ ಭಾಷೆಗಳಿಂದ ಅಳಿಸಿಹೋದರೂ ಅದರ ಗುರುತು ವ್ಯಂಜನದಲ್ಲಿ ಉಳಿದಿತ್ತು. ಅಪವಾದ ಎಂದುಕೊಂಡದ್ದು ಎರಡನೆಯ ನಿಯಮವಾಗಿ ಹೊರಬಂತು.

ಪುಸ್ತಕ ಮತ್ತು ಹೊತ್ತಿಗೆ ಒಂದೇ ಪದದ ಎರಡು ಕಾಲ.
‘ಪ’ ಎಲ್ಲ ಕಡೆ ‘ಹ’ ಆಗಿದ್ದರೆ ಪುಸ್ತಕ, ಪೂಜೆ, ಪಾಪಗಳಲ್ಲಿ ‘ಪ’ ಹೇಗೆ ಉಳಿಯಿತು? ನವವೈಯಾಕರಣರ ಉತ್ತರ ಇಲ್ಲಿ ಸೊಗಸಾಗಿ ಹೊಂದುತ್ತದೆ. ಸಂಸ್ಕೃತದ ಪುಸ್ತಕ ಹಿಂದೆಯೇ ಕನ್ನಡಕ್ಕೆ ಬಂದು ‘ಪೊತ್ತಗೆ’ ಆಗಿತ್ತು. ಬದಲಾವಣೆಯ ಗಾಳಿ ಬೀಸಿದಾಗ ಅದೂ ‘ಹೊತ್ತಗೆ’, ‘ಹೊತ್ತಿಗೆ’ ಆಯಿತು. ‘ಪರ್ವ’ ಹಾಗೆಯೇ ‘ಪಬ್ಬ’ವಾಗಿ ‘ಹಬ್ಬ’ವಾಯಿತು, ‘ಫಲಕ’ ‘ಪಲಗೆ’ಯಾಗಿ ‘ಹಲಗೆ’ಯಾಯಿತು. ಓದು ಬಲ್ಲವರ ಮೂಲಕ ಸಂಸ್ಕೃತದ ರೂಪದಲ್ಲೇ ಬಂದು ನೆಲೆಯಾದ ‘ಪುಸ್ತಕ’ಕ್ಕೆ ಆ ಗಾಳಿ ತಾಗಲಿಲ್ಲ. ಧ್ವನಿನಿಯಮಕ್ಕೆ ಒಂದು ಆರಂಭ, ಒಂದು ಕೊನೆ ಇರುತ್ತದೆ. ಆ ಅವಧಿಯಲ್ಲಿ ಜನರ ಬಾಯಲ್ಲಿದ್ದ ಪದಗಳ ಮೇಲಷ್ಟೇ ಅದರ ಅಧಿಕಾರ.

ಹಡೆದವ್ವನ ‘ಹಡೆ’ ಮತ್ತು ಬಹುಮಾನ ಪಡೆಯುವ ‘ಪಡೆ’ ಒಂದೇ!
ಕಷ್ಟ ಶುರುವಾಗುವುದು ಇಲ್ಲಿ. ಹಳಗನ್ನಡದ ‘ಪಡೆ’ ಕ್ರಿಯಾಪದಕ್ಕೆ ದೊರಕಿಸಿಕೊಳ್ಳು ಎಂಬ ಅರ್ಥವೂ ಇತ್ತು, ಹೆರು ಎಂಬ ಅರ್ಥವೂ ಇತ್ತು. ಇಂದು ಹೆರುವ ಅರ್ಥದಲ್ಲಿ ‘ಹಡೆ’, ದೊರಕಿಸುವ ಅರ್ಥದಲ್ಲಿ ‘ಪಡೆ’. ಒಂದೇ ಪದ ಒಂದು ಅರ್ಥದಲ್ಲಿ ಬದಲಾಗಿ ಇನ್ನೊಂದರಲ್ಲಿ ಹಾಗೆಯೇ ನಿಂತಿದೆ. ಹೊಟ್ಟೆ ‘ಹೊರೆ’ಯುತ್ತೇವೆ, ದೇವರನ್ನು ಮಾತ್ರ ಕಾದು ‘ಪೊರೆ’ ಎಂದು ಬೇಡುತ್ತೇವೆ. ಕಷ್ಟಪಡು, ಆಸೆಪಡು ಎಂಬಲ್ಲಿ ‘ಪಡು’ ಇನ್ನೊಂದು ಪದದ ಬೆನ್ನಿಗೆ ಅಂಟಿರುವುದರಿಂದ ಅದರ ‘ಪ’ ಪದದ ಮೊದಲಲ್ಲಿಲ್ಲ, ಆದ್ದರಿಂದ ಉಳಿಯಿತು ಎನ್ನಬಹುದು. ‘ಪೊರೆ’ಯನ್ನು ಕಾವ್ಯದ ನುಡಿ ಕಾಪಾಡಿತು ಎನ್ನಬಹುದು. ಏಟು ಎಂಬ ಅರ್ಥದ ‘ಪೆಟ್ಟು’, ಗಿಡಗಂಟಿಯ ‘ಪೊದೆ’, ಉರಿಯುವ ‘ಪಂಜು’ ಯಾಕೆ ಉಳಿದವು? ಇವು ಪಂಡಿತರ ಪದಗಳಲ್ಲ, ಬೆನ್ನಿಗೆ ಅಂಟಿದ ಪದಗಳೂ ಅಲ್ಲ. ಅಚ್ಚಗನ್ನಡದ ದಿನಬಳಕೆಯ ಮಾತುಗಳು.

‘ನಿಯಮವಲ್ಲ, ಪದಗಳನ್ನು ನೋಡಿ’ ಎಂದು ಅಂದೇ ಹೇಳಿದವರಿದ್ದರು.
ಹ್ಯೂಗೊ ಶುಕಾರ್ಟ್ 1885ರಲ್ಲೇ ನವವೈಯಾಕರಣರ ವಿರುದ್ಧ ಒಂದು ಪುಸ್ತಿಕೆ ಬರೆದ. ಹೆಚ್ಚು ಬಳಕೆಯ ಪದಗಳು ಮೊದಲು ಸವೆಯುತ್ತವೆ, ಬದಲಾವಣೆ ಎಲ್ಲ ಪದಗಳಿಗೂ ಒಂದೇ ದಿನ ತಲುಪುವುದಿಲ್ಲ ಎಂಬುದು ಅವನ ಆಕ್ಷೇಪ. 1969ರಲ್ಲಿ ವಿಲಿಯಂ ವಾಂಗ್ ಇದಕ್ಕೆ ಹೊಸ ರೂಪ ಕೊಟ್ಟ. ಧ್ವನಿಬದಲಾವಣೆ ಪದದಿಂದ ಪದಕ್ಕೆ ಹಬ್ಬುತ್ತದೆ, ಹಬ್ಬಲು ಕಾಲ ಹಿಡಿಯುತ್ತದೆ, ಅಷ್ಟರಲ್ಲಿ ಎದುರಿನಿಂದ ಇನ್ನೊಂದು ಬದಲಾವಣೆ ಬಂದರೆ ಕೆಲವು ಪದಗಳು ದಾರಿಯಲ್ಲೇ ಉಳಿದುಬಿಡುತ್ತವೆ. ಇದಕ್ಕೆ ಪದಪ್ರಸರಣ ಎನ್ನೋಣ. ಈ ಲೆಕ್ಕದಲ್ಲಿ ‘ಪೆಟ್ಟು’, ‘ಪೊದೆ’ಗಳು ನಿಯಮ ಮುರಿದ ಪದಗಳಲ್ಲ. ನಿಯಮ ತಲುಪದೆ ಉಳಿದ ಪದಗಳು.

ನಿಮ್ಮ ಅಡುಗೆಮನೆಯ ಉಪ್ಪಿಗೆ ಒಂದು ಕಾಲಕ್ಕೆ ‘ಚ’ಕಾರವಿತ್ತು.
ಮೂಲದ್ರಾವಿಡದಲ್ಲಿ ಉಪ್ಪು, ಐದು, ಆರು ಈ ಮೂರೂ ಪದಗಳು ‘ಚ’ದಿಂದ ಶುರುವಾಗುತ್ತಿದ್ದವು. ಸಾಕ್ಷಿ ಬೇಕಾದರೆ ಗೊಂಡಿ ಭಾಷೆಯನ್ನು ಕೇಳಿ. ಅಲ್ಲಿ ಐದು ‘ಸೈಯುಂಗ್’, ಆರು ‘ಸಾರುಂಗ್’, ಉಪ್ಪು ‘ಸೋವರ್’. ಕನ್ನಡ, ತಮಿಳಿನಂಥ ದಕ್ಷಿಣದ ಭಾಷೆಗಳಲ್ಲಿ ಆ ಮೊದಲ ವ್ಯಂಜನ ಪೂರ್ತಿ ಉದುರಿಹೋಯಿತು. ಆದರೆ ಎಲ್ಲ ಪದಗಳಲ್ಲೂ ಉದುರಲಿಲ್ಲ. ‘ಸಾಯು’ ಎಂಬುದೂ ‘ಚ’ದಿಂದಲೇ ಶುರುವಾಗುತ್ತಿದ್ದ ಪದ. ಕನ್ನಡದಲ್ಲಿ ಅದು ‘ಸ’ ಆಗಿ ಉಳಿದಿದೆ, ‘ಆಯು’ ಆಗಲಿಲ್ಲ. ಉಪ್ಪಿನಲ್ಲಿ ಹೋದದ್ದು ಸಾವಿನಲ್ಲಿ ಯಾಕೆ ಹೋಗಲಿಲ್ಲ ಎನ್ನಲು ಅಕ್ಕಪಕ್ಕದ ಧ್ವನಿಗಳಲ್ಲಿ ಕಾರಣ ಸಿಗುವುದಿಲ್ಲ. ಬದಲಾವಣೆ ಕೆಲವು ಪದಗಳನ್ನು ಮುಟ್ಟಿ, ಅಲ್ಲಿಗೇ ನಿಂತುಹೋಯಿತು.

ನಮ್ಮಲ್ಲಿ ನಿಂತುಹೋದ ಆಟ ಗೊಂಡಿಯಲ್ಲಿ ಕಣ್ಣೆದುರು ನಡೆದಿದೆ.
ಮಧ್ಯಪ್ರದೇಶದಿಂದ ತೆಲಂಗಾಣದವರೆಗೆ ಹರಡಿರುವ ಗೊಂಡಿಯ ಉಪಭಾಷೆಗಳಲ್ಲಿ ಉಪ್ಪಿಗೆ ಒಂದು ಕಡೆ ‘ಸೋವರ್’, ಇನ್ನೊಂದು ಕಡೆ ‘ಹೋವರ್’, ಮತ್ತೊಂದು ಕಡೆ ‘ಓವರ್’. ‘ಸ’ ಸವೆದು ‘ಹ’, ‘ಹ’ ಸವೆದು ಸೊನ್ನೆ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಭದ್ರಿರಾಜು ಕೃಷ್ಣಮೂರ್ತಿಯವರು 1998ರ ಲೇಖನವೊಂದರಲ್ಲಿ ಇದನ್ನು ಪದಪದವಾಗಿ ಬಿಡಿಸಿ ನೋಡಿದರು. ಒಂದು ಪದ ಮೊದಲು ಹಳೆಯ ರೂಪದಲ್ಲಿರುತ್ತದೆ, ಆಮೇಲೆ ಹಳತು ಹೊಸತು ಎರಡೂ ಓಡಾಡುತ್ತವೆ, ಕೊನೆಗೆ ಹೊಸತೊಂದೇ ಉಳಿಯುತ್ತದೆ. ಪದಗಳು ಒಂದೊಂದಾಗಿ ಈ ಮೂರು ಹಂತ ದಾಟುತ್ತವೆ. ಎಲ್ಲವೂ ದಾಟಿ ಮುಗಿದ ಮೇಲೆ ನೋಡುವವನಿಗೆ ಕಾಣುವುದು ಅಪವಾದವಿಲ್ಲದ ನಿಯಮ. ಪದಪ್ರಸರಣ ಎಂಬ ದಾರಿಯಲ್ಲಿ ನಡೆದು ನಿಯಮ ಎಂಬ ಊರು ಸೇರಬಹುದು ಎಂಬುದು ಅವರು ತೋರಿಸಿಕೊಟ್ಟ ಸತ್ಯ.

ಅಂಥ ಊರು ಸೇರಿದ ಬದಲಾವಣೆಯೂ ಕನ್ನಡದಲ್ಲಿದೆ.
ತಮಿಳಿನ ವಾ, ವಾಯ್, ವಿಲ್, ವೇರ್ ಎಂಬುವು ಕನ್ನಡದಲ್ಲಿ ಬಾ, ಬಾಯಿ, ಬಿಲ್ಲು, ಬೇರು. ಪದದ ಮೊದಲಿನ ‘ವ’ ನಮ್ಮಲ್ಲಿ ‘ಬ’ ಆಯಿತು. ‘ವ’ದಿಂದ ಶುರುವಾಗುವ ಪದಗಳಿಗೆ ನಿಘಂಟು ತೆರೆದರೆ ವನ, ವರ್ಷ, ವಿದ್ಯೆ ಎಂದು ಸಂಸ್ಕೃತವೇ ಸಾಲುಗಟ್ಟುತ್ತದೆ, ಅಚ್ಚಗನ್ನಡ ಪದ ಸಿಗುವುದು ತೀರಾ ಅಪರೂಪ. ಮೊದಲು ಯಾವ ಪದ ಬದಲಾಯಿತು, ಕೊನೆಗೆ ಯಾವುದು ಎಂದು ಈಗ ಹೇಳಲಾಗದು. ಮುಗಿದ ಬದಲಾವಣೆ ತಾನು ನಡೆದ ಹೆಜ್ಜೆಗಳನ್ನು ತಾನೇ ಅಳಿಸಿಹಾಕುತ್ತದೆ.

ಶಾಸನ ಮಾತ್ರ ನೋಡಿದರೆ ಈ ವ್ಯಾಜ್ಯ ತೀರುವುದಿಲ್ಲ.
ಒಂದೇ ಕಾಲದ ಬರಹದಲ್ಲಿ ‘ಪ’ ರೂಪವೂ ‘ಹ’ ರೂಪವೂ ಬೆರೆತಿದ್ದರೆ ಬದಲಾವಣೆ ಪದದಿಂದ ಪದಕ್ಕೆ ಹರಡುತ್ತಿತ್ತು ಎಂದು ತೀರ್ಮಾನಿಸುವ ಆಸೆಯಾಗುತ್ತದೆ. ಆದರೆ ಬರೆಯುವ ಕೈ ಯಾವಾಗಲೂ ಬಾಯಿಗಿಂತ ಹಿಂದೆ. ಶಾಸನ ಬರೆದವನು ಮನೆಯಲ್ಲಿ ‘ಹಾಲು’ ಎಂದು ಆಡುತ್ತ, ಕಲ್ಲಿನ ಮೇಲೆ ಗೌರವಕ್ಕೆ ‘ಪಾಲ್’ ಎಂದು ಬರೆದಿರಬಹುದು. ಇಂದು ನಾವೂ ‘ಮಾಡ್ತಾರೆ’ ಎಂದು ಆಡಿ ‘ಮಾಡುತ್ತಾರೆ’ ಎಂದು ಬರೆಯುತ್ತೇವೆ. ಹಾಗಾಗಿ ವಿದ್ವಾಂಸರು ಟೇಪ್ ರೆಕಾರ್ಡರ್ ಹಿಡಿದು ಬದುಕಿರುವ ಮಾತಿನ ಹಿಂದೆ ಹೊರಟರು.

ಫಿಲಡೆಲ್ಫಿಯಾ ಎಂಬ ಒಂದೇ ಊರಿನಲ್ಲಿ ಎರಡು ಪಕ್ಷಗಳಿಗೂ ಸಾಕ್ಷಿ ಸಿಕ್ಕಿತು.
ಅಮೆರಿಕದ ಆ ನಗರದಲ್ಲಿ ವಿಲಿಯಂ ಲಬೋವ್ ದಶಕಗಳ ಕಾಲ ಜನರ ಮಾತು ದಾಖಲಿಸಿದರು. ಅಲ್ಲಿಯ ಇಂಗ್ಲಿಷಿನಲ್ಲಿ ‘ಮ್ಯಾಡ್’, ‘ಬ್ಯಾಡ್’, ‘ಗ್ಲ್ಯಾಡ್’ ಈ ಮೂರು ಪದಗಳ ಸ್ವರ ಬಿಗಿಯಾಗಿ ಮೇಲಕ್ಕೆ ಸರಿದಿದೆ. ‘ಸ್ಯಾಡ್’, ‘ಡ್ಯಾಡ್’ ಪದಗಳಲ್ಲಿ ಸರಿದಿಲ್ಲ. ಸನ್ನಿವೇಶ ಒಂದೇ, ಆದರೂ ಪದ ನೋಡಿ ಬದಲಾವಣೆ. ಇದು ಶುದ್ಧ ಪದಪ್ರಸರಣ. ಅದೇ ಊರಿನಲ್ಲಿ ‘ಲೈಕ್’, ‘ಫೈಟ್’ ಪದಗಳಲ್ಲಿರುವ ‘ಐ’ ಸ್ವರ ಕ, ಟ ಮೊದಲಾದ ಶ್ವಾಸ ವ್ಯಂಜನಗಳ ಹಿಂದೆ ಬಂದಾಗ ತಲೆಮಾರಿನಿಂದ ತಲೆಮಾರಿಗೆ ಕೂದಲೆಳೆಯಷ್ಟು ಮೇಲೇರುತ್ತ ಬಂದಿದೆ. 1888ರಿಂದ 1991ರವರೆಗೆ ಹುಟ್ಟಿದವರ ಧ್ವನಿಮುದ್ರಣಗಳನ್ನು ಅಳೆದು 2013ರಲ್ಲಿ ಲಬೋವ್ ಮತ್ತು ಸಂಗಡಿಗರು ಈ ಏರಿಕೆಯನ್ನು ತೋರಿಸಿದರು. ಆಡುವವರಿಗೇ ಗೊತ್ತಾಗದಷ್ಟು ನಯವಾದ ಇಂಥ ಜಾರುವಿಕೆಯಲ್ಲಿ ಪದಗಳು ಒಟ್ಟಾಗಿ ಸಾಗುತ್ತವೆ. ಒಂದು ಧ್ವನಿಯನ್ನು ತೆಗೆದು ಬೇರೆಯದನ್ನು ಇಡುವ ಬದಲಾವಣೆಯಲ್ಲಿ ಪದಗಳು ಒಂದೊಂದಾಗಿ ಹೋಗುತ್ತವೆ. 1981ರಲ್ಲೇ ಲಬೋವ್ ಕೊಟ್ಟ ತೀರ್ಪಿನ ಸಾರ ಇದು.

ಹೆಚ್ಚು ಬಳಸಿದ ಪದವೇ ಮೊದಲು ಬದಲಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ.
ಇಂಗ್ಲಿಷಿನ ‘ಎವ್ರಿ’ ಪದದ ನಡುವಿನ ಸ್ವರ ಬಹುತೇಕರ ಬಾಯಲ್ಲಿ ಪೂರ್ತಿ ಬಿದ್ದುಹೋಗಿದೆ, ಅಪರೂಪದ ಪದಗಳಲ್ಲಿ ಅದೇ ಸ್ವರ ಉಳಿದಿದೆ. ನಾಲಗೆಯ ಸವೆತಕ್ಕೆ ಬಳಕೆಯೇ ಕಾರಣ. ಆದರೆ ನ್ಯೂಜಿಲೆಂಡಿನ ಇಂಗ್ಲಿಷ್ ಸ್ವರಗಳು ಸ್ಥಾನ ಬದಲಿಸಿದ್ದನ್ನು ಜೆನ್ ಹೇ ಮತ್ತು ಸಂಗಡಿಗರು 2015ರಲ್ಲಿ ಪರಿಶೀಲಿಸಿದಾಗ ಅಲ್ಲಿ ಮುಂದೆ ಹೋದವು ಅಪರೂಪದ ಪದಗಳೇ. ಸವೆತ ಬೇರೆ, ಸ್ಥಾನಪಲ್ಲಟ ಬೇರೆ.

ಹಾಲು ಈಗ ಆಲಾಗುವ ಹಾದಿಯಲ್ಲಿದೆ, ಇದು ಗೊಂಡಿಯ ಹಾದಿಯೇ.
ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಾಲು ‘ಆಲು’, ಹೋಗು ‘ಓಗು’, ಹಳ್ಳಿ ‘ಅಳ್ಳಿ’. ಬೆಳಗ್ಗೆ ಡೇರಿಯ ಮುಂದೆ ನಿಂತು ಕೇಳಿ. ಕ್ಯಾನು ಇಳಿಸುತ್ತ ‘ಆಲು ಎಷ್ಟಾಯ್ತು ಕಣಣ್ಣ’ ಎಂದವರೇ ಸಾಹೇಬರ ಫೋನು ಬಂದರೆ ‘ಹಾಲು ಕಳಿಸಿದೀವಿ ಸಾರ್’ ಎನ್ನುತ್ತಾರೆ. ಪ, ಹ, ಸೊನ್ನೆ ಎಂಬ ಮೂರು ಮೆಟ್ಟಿಲಿನ ಕೊನೆಯ ಮೆಟ್ಟಿಲು ಇದು. ಇದನ್ನು ಅಶುದ್ಧ ಎನ್ನುವವರು ಒಂದನ್ನು ನೆನಪಿಡಬೇಕು. ‘ಪಾಲು’ ಎನ್ನುತ್ತಿದ್ದವರ ಕಿವಿಗೆ ‘ಹಾಲು’ ಕೂಡ ಒಂದು ಕಾಲದಲ್ಲಿ ಹೀಗೆಯೇ ಕೇಳಿಸಿದ್ದಿರಬೇಕು.

ಹೋದ ‘ಹ’ಕಾರ ಮರಳಿ ಬರುವಾಗ ಮಾತ್ರ ಒಂದೊಂದೇ ಪದವಾಗಿ ಬರುತ್ತದೆ.
‘ಹ’ ಬಿಡುವುದು ಸುಲಭ, ಎಲ್ಲಿ ‘ಹ’ ಬಂದರೂ ಬಿಟ್ಟರಾಯಿತು. ಹಿಂದಿರುಗುವುದು ಹಾಗಲ್ಲ. ‘ಹ’ ಹೋದ ಬಾಯಲ್ಲಿ ಹಕ್ಕಿಯೂ ‘ಅಕ್ಕಿ’, ಅಕ್ಕಿಯೂ ‘ಅಕ್ಕಿ’. ಶಾಲೆಗೆ ಬಂದ ಮಗುವಿಗೆ ಇವೆರಡರಲ್ಲಿ ಯಾವುದಕ್ಕೆ ‘ಹ’ ಸೇರಿಸಬೇಕು ಎಂದು ಯಾವ ನಿಯಮವೂ ಹೇಳಿಕೊಡಲಾರದು. ಪ್ರತಿ ಪದವನ್ನೂ ಬೇರೆಬೇರೆಯಾಗಿ ಕಲಿಯಬೇಕು. ಕಲಿಯುವಾಗ ಅಕ್ಕಿಯನ್ನು ‘ಹಕ್ಕಿ’ ಎನ್ನುವುದೂ ಉಂಟು. ಮಗುವಿನ ದಡ್ಡತನ ಅದಕ್ಕೆ ಕಾರಣವಲ್ಲ. ಪದದ ಲೆಕ್ಕ ಇನ್ನೂ ಮುಗಿಯದವರು ನಿಯಮ ಹುಡುಕಿದಾಗ ಆಗುವ ಸಹಜ ಫಲ ಅದು. ಹೋಗುವಾಗ ನಿಯಮ, ಬರುವಾಗ ಪದ: ಎರಡೂ ಪಕ್ಷಗಳು ಒಂದೇ ಮಗುವಿನ ನಾಲಗೆಯ ಮೇಲೆ ಒಟ್ಟಿಗೆ ಕೂತಿವೆ.

ನೀವೂ ಮನೆಯಲ್ಲೇ ಇದನ್ನು ನೋಡಬಹುದು.
ಹಾಲು, ಹಸು, ಹುಡುಗ, ಹೊಲ, ಹೋಗು, ಹಬ್ಬ ಇಂಥ ಹತ್ತು ದಿನಬಳಕೆಯ ಪದಗಳನ್ನೂ, ಹಿಂಸೆ, ಹೃದಯ, ಹವಾಮಾನದಂಥ ಹತ್ತು ಓದಿನ ಪದಗಳನ್ನೂ ಬರೆದಿಟ್ಟುಕೊಳ್ಳಿ. ಅವನ್ನು ಓದಿಸಬೇಡಿ, ಅಕ್ಷರ ಕಂಡೊಡನೆ ಎಲ್ಲರ ಬಾಯಿಗೂ ‘ಹ’ ಬಂದುಬಿಡುತ್ತದೆ. ಅಜ್ಜಿ, ಅಮ್ಮ, ಮಗಳು ತಮ್ಮಷ್ಟಕ್ಕೆ ಮಾತಾಡುವಾಗ ಯಾವ ಪದದಲ್ಲಿ ‘ಹ’ ಇತ್ತು, ಯಾವುದರಲ್ಲಿ ಇರಲಿಲ್ಲ, ಯಾವುದರಲ್ಲಿ ಎರಡೂ ಬಗೆ ಕೇಳಿತು ಎಂದು ಗುರುತು ಹಾಕಿ. ಎಲ್ಲ ಪದಗಳಲ್ಲೂ ಒಂದೇ ಪ್ರಮಾಣದಲ್ಲಿ ‘ಹ’ ಹೋಗಿದ್ದರೆ ನವವೈಯಾಕರಣರ ಮಾತು ನಿಮ್ಮ ಮನೆಗೆ ಸರಿ. ಪದಕ್ಕೊಂದು ಬಗೆಯಾದರೆ ವಾಂಗ್ ಹೇಳಿದ್ದು ಸರಿ. ಅಜ್ಜಿಯ ‘ಆಲು’ ಕೇಳಿದಾಗ ತಿದ್ದುವ ಮೊದಲು ಬರೆದಿಟ್ಟುಕೊಳ್ಳಿ. ಪಲ್ಮಡಿ ಹಲ್ಮಿಡಿಯಾದ ದಿನಗಳಲ್ಲಿ ಹಾಗೆ ಬರೆದಿಟ್ಟವರು ಯಾರೂ ಇರಲಿಲ್ಲ.